ಸೀಸಕ್ಕಿಂತ ಮೊದಲು ಪ್ಲಾಸ್ಟಿಕ್: ಒಂದು ಬೀಟಾ ಪಾಠ, ನಾಲ್ಕು ಊರುಗಳಲ್ಲಿ

ವಿಕಿರಣಶೀಲತೆಯ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ತಯಾರಿಸುವ ಚಾರ್ಟುಗಳಲ್ಲಿ ಒಂದು ಚಿತ್ರ ತಪ್ಪದೆ ಇರುತ್ತದೆ. ಎಡಗಡೆಯಿಂದ ಮೂರು ಬಾಣಗಳು ಹೊರಡುತ್ತವೆ. ಆಲ್ಫಾ ಬಾಣ ಕಾಗದದ ಹಾಳೆಯಲ್ಲಿ ನಿಲ್ಲುತ್ತದೆ, ಬೀಟಾ ಬಾಣ ಕಾಗದವನ್ನು ದಾಟಿ ಅಲ್ಯುಮಿನಿಯಂ ತಗಡಿನಲ್ಲಿ ನಿಲ್ಲುತ್ತದೆ, ಗಾಮಾ ಬಾಣ ಎರಡನ್ನೂ ದಾಟಿ ದಪ್ಪ ಸೀಸದಲ್ಲಿ ಕ್ಷೀಣಿಸುತ್ತದೆ. ಚಿತ್ರದಲ್ಲಿ ತಪ್ಪಿಲ್ಲ. ಆದರೆ ಅದನ್ನು ನೋಡಿದ ವಿದ್ಯಾರ್ಥಿ ನಾವು ಹೇಳದ ಇನ್ನೊಂದು ವಾಕ್ಯವನ್ನೂ ಕಲಿತುಬಿಡುತ್ತಾನೆ: ಸೀಸ ಎಲ್ಲವನ್ನೂ ತಡೆಯುತ್ತದೆ, ಆದ್ದರಿಂದ ಯಾವ ವಿಕಿರಣವಿದ್ದರೂ ಮೊದಲು ಸೀಸ ಇಡಬೇಕು. ಈ ವಾಕ್ಯದ ಮೊದಲ ಅರ್ಧ ಸರಿ, ಎರಡನೆಯ ಅರ್ಧ ಬೀಟಾ ವಿಷಯದಲ್ಲಿ ಸರಿಯಲ್ಲ. ಈ ಸಲದ ಬೋಧನಾಭ್ಯಾಸದ ಅವಧಿಯಲ್ಲಿ ಇದೇ ಪಾಠವನ್ನು ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗಗಳಲ್ಲಿ ಬೇರೆ ಬೇರೆ ಪ್ರಶಿಕ್ಷಣಾರ್ಥಿಗಳು ತೆಗೆದುಕೊಂಡಾಗ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆ. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವಾಗ ಪಾಠ ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕಿತ್ತೂರಿನ ಪ್ರಶ್ನೆ

ಕಿತ್ತೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ನಮ್ಮ ಪ್ರಶಿಕ್ಷಣಾರ್ಥಿ ಮೂರು ಬಾಣಗಳ ಚಿತ್ರ ಬಿಡಿಸಿ ವಿವರಣೆ ಮುಗಿಸಿದ್ದರು. ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ನಮ್ಮ ಅಕ್ಕ ಬೆಂಗಳೂರಾಗ ಲ್ಯಾಬಿನ್ಯಾಗ ಕೆಲಸ ಮಾಡ್ತಾಳ್ರಿ. ಫಾಸ್ಫರಸ್ ಮೂವತ್ತೆರಡು ಅಂತ ಬೀಟಾ ಸೋರ್ಸ್ ಬಳಸ್ತಾರಂತ್ರಿ. ಅವರ ಮುಂದ ಸೀಸ ಇರೂದಿಲ್ರಿ, ಗಾಜಿನಂಗ ಆರಪಾರ ಕಾಣೂ ಪ್ಲಾಸ್ಟಿಕ್ ಹಲಗಿ ಇರ್ತೈತಂತ್ರಿ. ಅದು ಸಾಕಾಗ್ತೈತೇನ್ರಿ?"

ಪ್ರಶಿಕ್ಷಣಾರ್ಥಿ ಸ್ವಲ್ಪ ಯೋಚಿಸಿ, ಸೀಸ ತುಟ್ಟಿ ಮತ್ತು ಭಾರ, ಅದಕ್ಕೇ ಪ್ಲಾಸ್ಟಿಕ್ ಇಟ್ಟಿರಬಹುದು, ಸೀಸ ಇದ್ದರೆ ಇನ್ನೂ ಒಳ್ಳೆಯದು ಎಂದು ಉತ್ತರಿಸಿದರು. ಆ ಕ್ಷಣಕ್ಕೆ ಅದು ಯಾರಿಗೂ ಸಹಜವಾಗಿ ತೋರುವ ಉತ್ತರ. ಮರುದಿನ ಬೆಳಿಗ್ಗೆ ಹುಡುಗಿ ಬಂದು, ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿ ಸೀಸದ ತಗಡು ಕೇಳಿ ಇಸಿದುಕೊಳ್ಳಲು ಹೇಳಿದ್ದೇನೆ, ಅವ್ವ ಗಾಬರಿಯಾಗಿದ್ದಾಳೆ ಎಂದಳು. ತರಗತಿಯಲ್ಲಿ ಹೇಳಿದ ಒಂದು ಮಾತು ರಾತ್ರಿಯೊಳಗೆ ಬೆಂಗಳೂರಿನ ಪ್ರಯೋಗಾಲಯದ ಮೇಜನ್ನು ಮುಟ್ಟಿತ್ತು. ಪ್ರಶಿಕ್ಷಣಾರ್ಥಿ ನನ್ನ ಬಳಿ ಬಂದು, "ಸರ್, ನಾ ಹೇಳಿದ್ದು ಖರೇನ ಅಂತ ನೋಡಬೇಕಾಗೇತ್ರಿ" ಎಂದರು. ಆ ಸಂಜೆಯೇ ಇಬ್ಬರೂ ಕುಳಿತು ಫಾಸ್ಫರಸ್-32ರ ಲೆಕ್ಕ ಹಾಕಿದೆವು.

ಫಾಸ್ಫರಸ್-32 ಜೀವವಿಜ್ಞಾನದ ಪ್ರಯೋಗಾಲಯಗಳಲ್ಲಿ ಡಿಎನ್‌ಎ ತುಣುಕುಗಳಿಗೆ ಗುರುತು ಹಾಕಲು ಬಳಕೆಯಾಗುವ ಐಸೊಟೋಪು. ಅದರ ಅರ್ಧಾಯು 14.3 ದಿನ. ಅದು ಬೀಟಾ ಕಣವನ್ನು ಮಾತ್ರ ಹೊರಸೂಸುತ್ತದೆ, ಅದರ ಜೊತೆ ಗಾಮಾ ಇಲ್ಲ. ಬೀಟಾ ಕಣಗಳ ಗರಿಷ್ಠ ಶಕ್ತಿ 1.71 ಎಂಇವಿ. ಗರಿಷ್ಠ ಎನ್ನಲು ಕಾರಣವಿದೆ. ಪ್ರತಿ ವಿಘಟನೆಯಲ್ಲೂ ಶಕ್ತಿಯನ್ನು ಎಲೆಕ್ಟ್ರಾನ್ ಮತ್ತು ಆ್ಯಂಟಿನ್ಯೂಟ್ರಿನೊ ಹಂಚಿಕೊಳ್ಳುತ್ತವೆ. ಆದ್ದರಿಂದ ಎಲೆಕ್ಟ್ರಾನಿನ ಪಾಲು ಸೊನ್ನೆಯಿಂದ 1.71ರವರೆಗೆ ಎಷ್ಟೂ ಇರಬಹುದು, ಸರಾಸರಿ ಸುಮಾರು 0.7 ಎಂಇವಿ. ತಡೆಯನ್ನು ಲೆಕ್ಕ ಹಾಕುವಾಗ ಅತಿ ಹೆಚ್ಚು ಶಕ್ತಿಯ ಕಣವನ್ನೇ ಹಿಡಿಯಬೇಕು.

ಬೈಲಹೊಂಗಲ: ದಪ್ಪ ಅಲ್ಲ, ತೂಕ

ಬೀಟಾ ಕಣ ಎಷ್ಟು ದೂರ ಹೋಗುತ್ತದೆ ಎಂದು ಕೇಳಿದರೆ ವಿದ್ಯಾರ್ಥಿಗಳು ಮಿಲಿಮೀಟರಿನಲ್ಲಿ ಉತ್ತರ ನಿರೀಕ್ಷಿಸುತ್ತಾರೆ. ಈ ವಿಷಯದಲ್ಲಿ ಕೆಲಸ ಮಾಡುವವರು ಉತ್ತರವನ್ನು ಪ್ರತಿ ಚದರ ಸೆಂಟಿಮೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕೊಡುತ್ತಾರೆ. ಬೈಲಹೊಂಗಲದ ಪ್ರಶಿಕ್ಷಣಾರ್ಥಿ ಈ ವಿಚಿತ್ರ ಮಾನವನ್ನು ಅರಳೆಯಿಂದ ವಿವರಿಸಿದರು. ಅವರ ಮನೆಯವರೇ ಹತ್ತಿ ಬೆಳೆಯುವವರು, ತರಗತಿಯಲ್ಲಿದ್ದ ಅರ್ಧ ಮಕ್ಕಳ ಮನೆಯಲ್ಲೂ ಹತ್ತಿ. ಒಂದು ಚದರ ಅಡಿ ಜಾಗದ ಮೇಲೆ ಒಂದು ಕಿಲೋ ಬಿಡಿ ಅರಳೆ ಹರವಿದರೆ ಮೊಣಕಾಲೆತ್ತರ ಬರುತ್ತದೆ. ಅದೇ ಒಂದು ಕಿಲೋವನ್ನು ಪ್ರೆಸ್ಸಿನಲ್ಲಿ ಒತ್ತಿ ಅಂಡಿಗೆಯಂತೆ ಬಿಗಿ ಮಾಡಿ ಅದೇ ಜಾಗದ ಮೇಲೆ ಇಟ್ಟರೆ ಗೇಣೂ ಇರುವುದಿಲ್ಲ. ದಪ್ಪ ಬದಲಾಯಿತು, ಆದರೆ ಆ ಜಾಗದ ಮೇಲಿರುವ ಅರಳೆ ಅಷ್ಟೇ. ಮೇಲಿನಿಂದ ಬರುವ ಬೀಟಾ ಕಣಕ್ಕೆ ಎರಡೂ ಒಂದೇ, ಏಕೆಂದರೆ ದಾರಿಯಲ್ಲಿ ಅದು ಹಾಯಬೇಕಾದ ಎಲೆಕ್ಟ್ರಾನುಗಳ ಸಂಖ್ಯೆ ಎರಡರಲ್ಲೂ ಒಂದೇ.

ಬೀಟಾ ಕಣ ತನ್ನ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುವುದು ಎದುರಾದ ಪರಮಾಣುಗಳ ಎಲೆಕ್ಟ್ರಾನುಗಳನ್ನು ತಳ್ಳಿ, ಕಿತ್ತು, ಸ್ವಲ್ಪ ಸ್ವಲ್ಪವಾಗಿ. ಒಂದು ಗ್ರಾಂ ವಸ್ತುವಿನಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದು ವಸ್ತುವಿನಿಂದ ವಸ್ತುವಿಗೆ ಹೆಚ್ಚು ಬದಲಾಗುವುದಿಲ್ಲ. ಹಗುರ ಮೂಲವಸ್ತುಗಳಲ್ಲಿ ಪರಮಾಣು ಸಂಖ್ಯೆ ಪರಮಾಣು ತೂಕದ ಸುಮಾರು ಅರ್ಧ, ಸೀಸದಲ್ಲಿ ಅದು 0.4ರ ಹತ್ತಿರ. ಆದ್ದರಿಂದ ಚದರ ಸೆಂಟಿಮೀಟರಿಗೆ ಇಷ್ಟು ತೂಕ ಎಂದು ಹೇಳಿದರೆ ಅದು ಕಾಗದಕ್ಕೂ ಅಲ್ಯುಮಿನಿಯಮಿಗೂ ಹೆಚ್ಚುಕಡಿಮೆ ಹೊಂದುತ್ತದೆ. ಇದಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ಅನುಭವ ಸೂತ್ರವಿದೆ:

R = 412 × E^(1.265 − 0.0954 ln E)

ಇಲ್ಲಿ E ಎಂಇವಿಯಲ್ಲಿ, R ಪ್ರತಿ ಚದರ ಸೆಂಟಿಮೀಟರಿಗೆ ಮಿಲಿಗ್ರಾಂನಲ್ಲಿ. E ಬದಲು 1.71 ಇಟ್ಟರೆ R ಸುಮಾರು 790 ಬರುತ್ತದೆ. ಅದನ್ನು ಸಾಂದ್ರತೆಯಿಂದ ಭಾಗಿಸಿದರೆ ದಪ್ಪ ಸಿಗುತ್ತದೆ. ಅಲ್ಯುಮಿನಿಯಮಿನಲ್ಲಿ ಸುಮಾರು 3 ಮಿ.ಮೀ., ನೀರಿನಲ್ಲಿ 8 ಮಿ.ಮೀ., ಆಕ್ರಿಲಿಕ್ ಪ್ಲಾಸ್ಟಿಕ್ಕಿನಲ್ಲಿ ಸುಮಾರು 6.7 ಮಿ.ಮೀ., ಸೀಸದಲ್ಲಿ 0.7 ಮಿ.ಮೀ., ಗಾಳಿಯಲ್ಲಿ ಆರು ಮೀಟರಿಗೂ ಹೆಚ್ಚು. ತರಗತಿಯ ಒಂದು ಗೋಡೆಯ ಬಳಿ ಹೊರಟ ಕಣ ಗಾಳಿಯಲ್ಲೇ ಎದುರು ಗೋಡೆಯವರೆಗೆ ಹೋಗಬಲ್ಲದು, ಆದರೆ ಎಂಟು ಮಿಲಿಮೀಟರ್ ನೀರನ್ನು ದಾಟಲಾರದು.

ನಮ್ಮ ಪ್ರಶಿಕ್ಷಣಾರ್ಥಿಗೆ ಬಹಳ ಹಿಡಿಸಿದ್ದು ಕಾಗದದ ಲೆಕ್ಕ. ಜೆರಾಕ್ಸ್ ಅಂಗಡಿಯ ಕಾಗದದ ಕಟ್ಟಿನ ಮೇಲೆ 70 ಜಿಎಸ್‌ಎಂ ಎಂದು ಮುದ್ರಿಸಿರುತ್ತಾರೆ. ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ 70 ಗ್ರಾಂ. ಅದನ್ನು ಪರಿವರ್ತಿಸಿದರೆ ಪ್ರತಿ ಚದರ ಸೆಂಟಿಮೀಟರಿಗೆ 7 ಮಿಲಿಗ್ರಾಂ. 790ನ್ನು 7ರಿಂದ ಭಾಗಿಸಿದರೆ 113 ಹಾಳೆ. ಸುಮಾರು ಒಂದು ಸೆಂಟಿಮೀಟರ್ ದಪ್ಪದ ಕಾಗದದ ಕಟ್ಟು ಫಾಸ್ಫರಸ್-32ರ ಅತಿ ವೇಗದ ಬೀಟಾ ಕಣವನ್ನೂ ನಿಲ್ಲಿಸುತ್ತದೆ. ಕಾಗದ ಆಲ್ಫಾಕ್ಕೆ ಮಾತ್ರ ಎಂದು ಚಾರ್ಟಿನಿಂದ ಕಲಿತಿದ್ದ ಮಕ್ಕಳು ಇಲ್ಲಿ ತಲೆ ಎತ್ತಿ ನೋಡಿದರು. ಇನ್ನೊಂದು ಸಂಗತಿ ಕೂಡ ಸೇರಿಸಬಹುದು. ನಮ್ಮ ಚರ್ಮದ ಮೇಲಿನ ಸತ್ತ ಪದರವನ್ನು ವಿಕಿರಣ ರಕ್ಷಣೆಯ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ 7 ಮಿಲಿಗ್ರಾಂ ಎಂದೇ ಹಿಡಿಯುತ್ತಾರೆ. ಅಂದರೆ ಒಂದು ಜೆರಾಕ್ಸ್ ಹಾಳೆಯಷ್ಟೇ ತೂಕದ ಹೊದಿಕೆ ನಮ್ಮ ಮೈಮೇಲೆ ಸ್ವಾಭಾವಿಕವಾಗಿ ಇದೆ. ಫಾಸ್ಫರಸ್-32 ಅದನ್ನು ಸುಲಭವಾಗಿ ದಾಟಿ ಎಂಟು ಮಿಲಿಮೀಟರ್‌ವರೆಗೆ ಒಳಗಿಳಿಯುತ್ತದೆ, ಆದ್ದರಿಂದ ಬೆರಳುಗಳ ಮುಂದೆ ತಡೆ ಬೇಕು.

ಅಲ್ಲಿಯೇ ಪಕ್ಕದ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಗೈಗರ್-ಮುಲ್ಲರ್ ಎಣಿಕೆಯಂತ್ರ ಇತ್ತು. ಕೃಷಿ ಅಂಗಡಿಯಿಂದ ತಂದ ಎಂಒಪಿ ಗೊಬ್ಬರ, ಅಂದರೆ ಪೊಟ್ಯಾಸಿಯಂ ಕ್ಲೋರೈಡನ್ನು, ತಟ್ಟೆಯಲ್ಲಿ ಹರವಿ ಅದರ ಮೇಲೆ ನಳಿಕೆ ಇಟ್ಟೆವು. ಪೊಟ್ಯಾಸಿಯಂನಲ್ಲಿ ಸ್ವಾಭಾವಿಕವಾಗಿಯೇ ಇರುವ ಪೊಟ್ಯಾಸಿಯಂ-40 ಗರಿಷ್ಠ 1.31 ಎಂಇವಿಯ ಬೀಟಾ ಸೂಸುತ್ತದೆ. ಸೂತ್ರದ ಪ್ರಕಾರ ಅದಕ್ಕೆ 82 ಹಾಳೆ ಬೇಕು. ಮೂಲ ತೀರ ದುರ್ಬಲ, ಆದ್ದರಿಂದ ಪ್ರತಿ ಅಳತೆಗೂ ಹತ್ತು ನಿಮಿಷ ಎಣಿಸಿ ಹಿನ್ನೆಲೆ ಎಣಿಕೆಯನ್ನು ಕಳೆಯಬೇಕು. ಎಣಿಕೆ ಸಮನಾಗಿ ಇಳಿಯುವುದಿಲ್ಲ. ಮೊದಲ ಹಾಳೆಗಳಲ್ಲಿ ಬೇಗ ಇಳಿಯುತ್ತದೆ, ಏಕೆಂದರೆ ಕಡಿಮೆ ಶಕ್ತಿಯ ಕಣಗಳು ಅಲ್ಲಿಯೇ ಮುಗಿಯುತ್ತವೆ. ಆಮೇಲೆ ಇಳಿಕೆ ನಿಧಾನವಾಗುತ್ತದೆ. ಎಲ್ಲ ಬೀಟಾ ನಿಂತ ಮೇಲೂ ಹಿನ್ನೆಲೆಗಿಂತ ಸ್ವಲ್ಪ ಹೆಚ್ಚು ಉಳಿಯಬಹುದು. ಅದು ಪೊಟ್ಯಾಸಿಯಂ-40ರದೇ ಗಾಮಾ. ಈ ಪ್ರಯೋಗ ವ್ಯಾಪ್ತಿಯನ್ನು ಕಲಿಸಲು ಒಳ್ಳೆಯದು. ಸೀಸದ ಸಮಸ್ಯೆಯನ್ನು ಮಾತ್ರ ಇದರಿಂದ ತೋರಿಸಲಾಗದು, ಉಳಿದ ಎಣಿಕೆ ಎಲ್ಲಿಂದ ಬಂತೆಂದು ಬೇರ್ಪಡಿಸಲು ಈ ಗಾಮಾ ಬಿಡುವುದಿಲ್ಲ.

ಸವದತ್ತಿ: ಎಕ್ಸ್-ರೇ ಯಂತ್ರದ ಒಳಗೆ

ಇಲ್ಲಿಯವರೆಗಿನ ಲೆಕ್ಕ ನೋಡಿದರೆ ಸೀಸವೇ ಗೆದ್ದಂತೆ ಕಾಣುತ್ತದೆ. ಪ್ಲಾಸ್ಟಿಕ್ 6.7 ಮಿ.ಮೀ. ಬೇಕಾದಲ್ಲಿ ಸೀಸ 0.7 ಮಿ.ಮೀ. ಸಾಕು. ಸವದತ್ತಿಯ ತರಗತಿಯಲ್ಲೂ ವಿದ್ಯಾರ್ಥಿಗಳು ಇದನ್ನೇ ಹೇಳಿದರು. ಆಗ ಪ್ರಶಿಕ್ಷಣಾರ್ಥಿ ಕೇಳಿದ ಪ್ರಶ್ನೆ ಇದು: "ನಿಂತ ಮ್ಯಾಲ ಅದರ ಶಕ್ತಿ ಎಲ್ಲಿಗೆ ಹೋತು?"

ಅವರು ಉತ್ತರವನ್ನು ತಾಲೂಕು ಆಸ್ಪತ್ರೆಯ ಎಕ್ಸ್-ರೇ ಕೋಣೆಯಿಂದ ತಂದರು. ಕೈಮುರಿದು ಅಲ್ಲಿ ಹೋಗಿ ಬಂದವರು ಆ ತರಗತಿಯಲ್ಲೇ ಇಬ್ಬರಿದ್ದರು. ಎಕ್ಸ್-ರೇ ನಳಿಕೆಯೊಳಗೆ ಆಗುವುದಿಷ್ಟೆ: ಎಲೆಕ್ಟ್ರಾನುಗಳನ್ನು ಹತ್ತಾರು ಸಾವಿರ ವೋಲ್ಟಿನಲ್ಲಿ ವೇಗಗೊಳಿಸಿ ಟಂಗ್‌ಸ್ಟನ್ ಗುರಿಯ ಮೇಲೆ ಬಡಿಯುತ್ತಾರೆ. ಎಲೆಕ್ಟ್ರಾನ್ ಟಂಗ್‌ಸ್ಟನ್ನಿನ ಭಾರಿ ಬೀಜಕೇಂದ್ರದ ಹತ್ತಿರ ಹಾದುಹೋಗುವಾಗ ಬಲವಾದ ಸೆಳೆತಕ್ಕೆ ಸಿಕ್ಕು ತಟ್ಟನೆ ದಿಕ್ಕು ಬದಲಿಸಿ ವೇಗ ಕಳೆದುಕೊಳ್ಳುತ್ತದೆ. ಕಳೆದ ಶಕ್ತಿಯ ಒಂದು ಪಾಲು ಕ್ಷ-ಕಿರಣವಾಗಿ ಹೊರಬೀಳುತ್ತದೆ. ಇದಕ್ಕೆ ಬ್ರೆಮ್‌ಸ್ಟ್ರಾಲುಂಗ್ ಎಂಬ ಜರ್ಮನ್ ಹೆಸರಿದೆ. ಅದರ ಅರ್ಥ ಬ್ರೇಕು ಹಾಕುವಾಗಿನ ವಿಕಿರಣ. ಟಂಗ್‌ಸ್ಟನ್ನಿನ ಪರಮಾಣು ಸಂಖ್ಯೆ 74, ಸೀಸದ್ದು 82. ಬೀಟಾ ಕಣವೂ ಎಲೆಕ್ಟ್ರಾನೇ. ಹಾಗಾದರೆ ಬೀಟಾ ಮೂಲದ ಮುಂದೆ ಸೀಸದ ತಗಡು ಇಡುವುದೆಂದರೆ, ಎಕ್ಸ್-ರೇ ಯಂತ್ರದಲ್ಲಿ ಬೇಕೆಂದೇ ಮಾಡಿದ ಏರ್ಪಾಟನ್ನು ಬೇಡದ ಜಾಗದಲ್ಲಿ ಮಾಡಿದಂತೆ. ಎರಡೂ ಕಡೆ ವ್ಯತ್ಯಾಸವೊಂದೇ: ಅಲ್ಲಿ ಎಲೆಕ್ಟ್ರಾನಿಗೆ ವೇಗ ಕೊಡುವುದು ವಿದ್ಯುತ್ತು, ಇಲ್ಲಿ ಫಾಸ್ಫರಸ್ಸಿನ ಬೀಜಕೇಂದ್ರ.

ಪರಮಾಣು ಸಂಖ್ಯೆ ಇಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಪದವಿಪೂರ್ವ ವಿದ್ಯಾರ್ಥಿಗಳಿಗೂ ತಿಳಿಸಬಹುದು. ಬೀಜಕೇಂದ್ರದ ಸೆಳೆತ ಅದರ ಆವೇಶಕ್ಕೆ, ಅಂದರೆ Zಗೆ ಅನುಪಾತದಲ್ಲಿದೆ. ವೇಗ ಬದಲಾಗುವ ಆವೇಶ ಹೊರಸೂಸುವ ವಿಕಿರಣ ಅದರ ವೇಗೋತ್ಕರ್ಷದ ವರ್ಗಕ್ಕೆ ಅನುಪಾತದಲ್ಲಿದೆ. ಆದ್ದರಿಂದ ಒಂದು ಪರಮಾಣು ಹುಟ್ಟಿಸುವ ಕ್ಷ-ಕಿರಣ Zನ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ಎಲೆಕ್ಟ್ರಾನುಗಳನ್ನು ತಳ್ಳಿ ಶಕ್ತಿ ಕಳೆಯುವ ಸಾಧಾರಣ ಮಾರ್ಗವಾದರೋ ಪರಮಾಣುವಿನಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆಯೋ ಅಷ್ಟಕ್ಕೆ, ಅಂದರೆ Zಗೆ ಮಾತ್ರ ಅನುಪಾತದಲ್ಲಿದೆ. ಎರಡರ ಸ್ಪರ್ಧೆಯಲ್ಲಿ ಉಳಿಯುವುದು ಒಂದು Z. ಹೀಗೆ ಬರುವ ಸರಳ ಅಂದಾಜು ಸೂತ್ರ:

f = 0.00035 × Z × E

ಇಲ್ಲಿ f ಎಂದರೆ ಬೀಟಾ ಶಕ್ತಿಯಲ್ಲಿ ಕ್ಷ-ಕಿರಣವಾಗುವ ಪಾಲು, E ಗರಿಷ್ಠ ಶಕ್ತಿ. ಸೀಸಕ್ಕೆ 0.00035 × 82 × 1.71, ಅಂದರೆ 0.049. ಆಕ್ರಿಲಿಕ್ ಇಂಗಾಲ, ಹೈಡ್ರೋಜನ್, ಆಮ್ಲಜನಕಗಳಿಂದ ಆದದ್ದು. ಅದಕ್ಕೆ Zನ ಒಂದು ಸರಾಸರಿ ಬೆಲೆ 6.5 ಎಂದು ಹಿಡಿದರೆ f ಸುಮಾರು 0.004. ಬೀಟಾ ತಂದ ಪ್ರತಿ ಸಾವಿರ ಪಾಲು ಶಕ್ತಿಯಲ್ಲಿ ಪ್ಲಾಸ್ಟಿಕ್ ನಾಲ್ಕು ಪಾಲನ್ನು, ಸೀಸ ನಲವತ್ತೊಂಬತ್ತು ಪಾಲನ್ನು ಕ್ಷ-ಕಿರಣ ಮಾಡುತ್ತದೆ. ಉಳಿದದ್ದೆಲ್ಲ ಎರಡರಲ್ಲೂ ಬಿಸಿಯಾಗಿ ಮುಗಿಯುತ್ತದೆ. ಒಂದು ಅಡ್ಡ ಪಟ್ಟಿಯನ್ನು ಸಾವಿರ ಪಾಲು ಎಂದು ಬಿಡಿಸಿ ನಾಲ್ಕು ಮತ್ತು ನಲವತ್ತೊಂಬತ್ತನ್ನು ಬಣ್ಣದಿಂದ ತುಂಬಿದಾಗ ಸವದತ್ತಿಯ ಮಕ್ಕಳಿಗೆ ಮಾತು ಬೇಗ ಹಿಡಿಯಿತು.

ಇಲ್ಲಿ ಪ್ರಶಿಕ್ಷಣಾರ್ಥಿಗಳು ಒಂದು ಎಚ್ಚರ ವಹಿಸಬೇಕು. ಹನ್ನೆರಡು ಪಟ್ಟು ಎಂಬುದು ಹುಟ್ಟುವ ಕ್ಷ-ಕಿರಣದ ಲೆಕ್ಕ, ಹೊರಬರುವ ಕ್ಷ-ಕಿರಣದ್ದಲ್ಲ. ಸೀಸ ತಾನೇ ಹುಟ್ಟಿಸಿದ ಕ್ಷ-ಕಿರಣದಲ್ಲಿ ಕಡಿಮೆ ಶಕ್ತಿಯದನ್ನು ತಾನೇ ನುಂಗುತ್ತದೆ. 2007ರಲ್ಲಿ ಹೆಲ್ತ್ ಫಿಸಿಕ್ಸ್ ಎಂಬ ವಿಕಿರಣ ರಕ್ಷಣೆಯ ಪತ್ರಿಕೆಯಲ್ಲಿ ಫಾಸ್ಫರಸ್-32ರ ಮೇಲೆಯೇ ಮಾಡಿದ ಅಳತೆಯೊಂದು ಪ್ರಕಟವಾಯಿತು. ಸೀಸ ಮತ್ತು ಪ್ಲಾಸ್ಟಿಕ್ ಎರಡೂ ಇರುವಾಗ ಪ್ಲಾಸ್ಟಿಕ್ಕನ್ನು ಮೂಲದ ಕಡೆಗೆ ಇಟ್ಟರೆ ಹೊರಬರುವ ವಿಕಿರಣ 10ರಿಂದ 40 ಪ್ರತಿಶತ ಮಾತ್ರ ಕಡಿಮೆಯಾಗುತ್ತದೆ ಎಂದು ಅದರಲ್ಲಿ ಕಂಡಿತು. ಆದ್ದರಿಂದ ಸೀಸ ಮುಂದಿಟ್ಟರೆ ದೊಡ್ಡ ಅನಾಹುತ ಎಂದು ತರಗತಿಯಲ್ಲಿ ಹೆದರಿಸುವುದು ತಪ್ಪು. ಪ್ಲಾಸ್ಟಿಕ್ ಮೊದಲು ಎಂಬ ನಿಯಮ ಸರಿ, ಅದರ ಲಾಭದ ಅಳತೆ ಸೂತ್ರ ಸೂಚಿಸುವುದಕ್ಕಿಂತ ಚಿಕ್ಕದು. ಇಷ್ಟು ಹೇಳಿದರೆ ಸಾಕು.

ರಾಮದುರ್ಗ: ಕ್ರಮ ಮತ್ತು ಗುರುತು

ರಾಮದುರ್ಗಕ್ಕೆ ಬರುವ ಹೊತ್ತಿಗೆ ಪಾಠ ಯೋಜನೆ ಎರಡು ಪೀರಿಯಡ್‌ಗಳದಾಗಿತ್ತು. ಅಲ್ಲಿ ಪ್ರಶಿಕ್ಷಣಾರ್ಥಿ ಹಲಗೆಯ ಮೇಲೆ ಎರಡು ಏರ್ಪಾಟು ಬಿಡಿಸಿದರು. ಮೊದಲನೆಯದರಲ್ಲಿ ಮೂಲ, ಆಮೇಲೆ ಒಂದು ಸೆಂಟಿಮೀಟರ್ ಆಕ್ರಿಲಿಕ್, ಆಮೇಲೆ ತೆಳು ಸೀಸ, ಆಮೇಲೆ ಮನುಷ್ಯ. ಎರಡನೆಯದರಲ್ಲಿ ಸೀಸ ಮತ್ತು ಆಕ್ರಿಲಿಕ್ ಅದಲುಬದಲು. ಮೊದಲನೆಯದರಲ್ಲಿ ಬೀಟಾ ಪ್ಲಾಸ್ಟಿಕ್ಕಿನೊಳಗೇ ಮುಗಿಯುತ್ತದೆ. ಹುಟ್ಟಿದ ಅಲ್ಪ ಕ್ಷ-ಕಿರಣ ಸೀಸಕ್ಕೆ ಎದುರಾಗುತ್ತದೆ, ಮತ್ತು ಕ್ಷ-ಕಿರಣವನ್ನು ತಡೆಯುವುದರಲ್ಲಿ ಸೀಸ ನಿಜಕ್ಕೂ ಸಮರ್ಥ. ಎರಡನೆಯದರಲ್ಲಿ ಸೀಸ ಹೆಚ್ಚು ಕ್ಷ-ಕಿರಣ ಹುಟ್ಟಿಸುತ್ತದೆ, ಅದು ಹೊರಬಂದ ಮೇಲೆ ಎದುರಾಗುವುದು ಪ್ಲಾಸ್ಟಿಕ್. ಕ್ಷ-ಕಿರಣಕ್ಕೆ ಒಂದು ಸೆಂಟಿಮೀಟರ್ ಪ್ಲಾಸ್ಟಿಕ್ ಅಷ್ಟಾಗಿ ಅಡ್ಡಿಯಲ್ಲ. ಎರಡೂ ಕಡೆ ವಸ್ತುಗಳು ಅವೇ, ತೂಕ ಅದೇ, ಆದರೆ ಪ್ರತಿಯೊಂದು ವಸ್ತುವಿಗೂ ಅದು ಬಲ್ಲ ಕೆಲಸ ಸಿಕ್ಕಿರುವುದು ಮೊದಲನೆಯದರಲ್ಲಿ.

ಹಿಂದಿನ ಬೆಂಚಿನ ಹುಡುಗನೊಬ್ಬ ಒಳ್ಳೆಯ ಪ್ರಶ್ನೆ ಕೇಳಿದ: "ಸರ್, ಪ್ಲಾಸ್ಟಿಕ್ ಇಟ್ಟ ಮ್ಯಾಲೂ ಮೀಟರ್ ಸ್ವಲ್ಪ ಟಕ್ ಟಕ್ ಅಂದ್ರ, ಇನ್ನೊಂದು ಪ್ಲಾಸ್ಟಿಕ್ ಇಡಬೇಕೋ ಏನ ಸೀಸ ಇಡಬೇಕ್ರಿ?" ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೂ ಎದುರಾಗುವ ಪ್ರಶ್ನೆ ಇದೇ. ಗುರುತಿಸುವ ವಿಧಾನ ಸುಲಭ. ಇನ್ನೊಂದು ಐದು ಮಿಲಿಮೀಟರ್ ಪ್ಲಾಸ್ಟಿಕ್ ಸೇರಿಸಿ ಎಣಿಕೆ ನೋಡಬೇಕು. ಎಣಿಕೆ ದಿಢೀರನೆ ಇಳಿದರೆ ಇನ್ನೂ ಬೀಟಾ ನುಸುಳುತ್ತಿದೆ ಎಂದರ್ಥ. ಹಲಗೆ ತೆಳುವಾಗಿರಬಹುದು, ಇಲ್ಲವೆ ಅಂಚಿನಿಂದ, ಮೇಲಿನಿಂದ ಬರುತ್ತಿರಬಹುದು. ಎಣಿಕೆ ಹೆಚ್ಚು ಬದಲಾಗದಿದ್ದರೆ ಬೀಟಾ ಮುಗಿದಿದೆ, ಉಳಿದದ್ದು ಕ್ಷ-ಕಿರಣ. ಆಗ ಎಷ್ಟು ಪ್ಲಾಸ್ಟಿಕ್ ಪೇರಿಸಿದರೂ ಲಾಭ ಕಡಿಮೆ, ಅದರ ಹೊರಗಡೆ ಸೀಸ ಇಡುವ ಹೊತ್ತು ಬಂದಿದೆ. ಮೂಲದ ಪ್ರಮಾಣ ಚಿಕ್ಕದಿದ್ದರೆ ಆ ಉಳಿಕೆ ಎಷ್ಟು ಅಲ್ಪವೆಂದರೆ ಸೀಸ ಬೇಕೇ ಆಗುವುದಿಲ್ಲ.

ಕಿತ್ತೂರಿನ ಹುಡುಗಿಯ ಅಕ್ಕನಿಗೆ ಸಿಗಬೇಕಾದ ಉತ್ತರವೂ ಇದರಲ್ಲಿದೆ. ಇಂಥ ಹಲಗೆಗಳು ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ದಪ್ಪ ಇರುತ್ತವೆ, ಬೇಕಾದದ್ದು 6.7 ಮಿ.ಮೀ. ಹಲಗೆಯ ಮೂಲಕ ಕೈ ಕಾಣುವುದರಿಂದ ಪಿಪೆಟ್ಟು ಸರಿಯಾಗಿ ಹಿಡಿದು ಕೆಲಸ ಬೇಗ ಮುಗಿಸಬಹುದು. ಅದನ್ನು ತೆಗೆದು ಅರ್ಧ ಮಿಲಿಮೀಟರಿನ ಸೀಸದ ತಗಡು ಇಟ್ಟಿದ್ದರೆ ಅದು 0.7 ಮಿ.ಮೀ.ಗಿಂತ ಕಡಿಮೆಯಾಗಿ ಕೆಲವು ಬೀಟಾ ಕಣಗಳೂ ದಾಟಿ ಬರುತ್ತಿದ್ದವು, ಜೊತೆಗೆ ಕ್ಷ-ಕಿರಣವೂ ಹೆಚ್ಚಾಗುತ್ತಿತ್ತು. ಅವಳು ಕೇಳಿಕೊಳ್ಳಬೇಕಾದದ್ದು ಸೀಸವನ್ನಲ್ಲ. ಮುಚ್ಚಳ ತೆಗೆದ ಸೀಸೆಯ ಬಾಯಿಯ ಮೇಲೆ ಕೈ ಬರದಂತೆ ನೋಡಿಕೊಳ್ಳಬೇಕು, ಏಕೆಂದರೆ ಅಲ್ಲಿ ಮುಂದಿನ ಹಲಗೆ ಏನೂ ಮಾಡಲಾರದು. ಬೆರಳಿಗೆ ಉಂಗುರದಂತೆ ತೊಡುವ ಡೋಸಿಮೀಟರ್ ಇದೆಯೇ ಎಂದು ಕೇಳಬೇಕು. ಪ್ರಶಿಕ್ಷಣಾರ್ಥಿ ಇದನ್ನು ಎರಡು ದಿನಗಳ ನಂತರ ಅದೇ ತರಗತಿಯಲ್ಲಿ ಲೆಕ್ಕ ಸಮೇತ ಹೇಳಿದರು. ಹುಡುಗಿ ಆ ಲೆಕ್ಕವನ್ನು ಬರೆದುಕೊಂಡು ಮನೆಗೆ ಒಯ್ದಳು.

ತಡೆಯ ಪ್ರಶ್ನೆಯೇ ಏಳದ ಒಂದು ಸಂದರ್ಭ

ಎಲ್ಲ ಬೀಟಾ ಮೂಲಗಳಿಗೂ ಇದೇ ಲೆಕ್ಕ ಎಂದು ವಿದ್ಯಾರ್ಥಿಗಳು ತಿಳಿಯಬಾರದು. ನಮ್ಮ ರಾಜ್ಯದ ಒಂದು ಘಟನೆ ಇದಕ್ಕೆ ಉದಾಹರಣೆ. 2009ರ ನವೆಂಬರಿನಲ್ಲಿ ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಕೇಂದ್ರದಲ್ಲಿ 50ಕ್ಕೂ ಹೆಚ್ಚು ಸಿಬ್ಬಂದಿಯ ಮೂತ್ರ ಪರೀಕ್ಷೆಯಲ್ಲಿ ಟ್ರೈಟಿಯಂ ಹೆಚ್ಚಾಗಿರುವುದು ಕಂಡಿತು. ಹುಡುಕಿದಾಗ ಕುಡಿಯುವ ನೀರಿನ ಕೂಲರ್ ಒಂದರಲ್ಲಿ ಟ್ರೈಟಿಯಂ ಇರುವ ಭಾರಜಲ ಸೇರಿರುವುದು ತಿಳಿಯಿತು. ಟ್ರೈಟಿಯಂ ಕೂಡ ಬರೀ ಬೀಟಾ ಮೂಲ, ಆದರೆ ಅದರ ಗರಿಷ್ಠ ಶಕ್ತಿ 0.0186 ಎಂಇವಿ ಮಾತ್ರ. ಆ ಬೀಟಾ ಗಾಳಿಯಲ್ಲಿ ಕೆಲವು ಮಿಲಿಮೀಟರ್, ನೀರಿನಲ್ಲಿ ಮಿಲಿಮೀಟರಿನ ಸಾವಿರದ ಆರು ಪಾಲಿನಷ್ಟು ಹೋಗುತ್ತದೆ. ಒಂದು ಜೆರಾಕ್ಸ್ ಹಾಳೆಯೇ ಅದಕ್ಕೆ ಹತ್ತು ಪಟ್ಟು ಹೆಚ್ಚಿನ ಗೋಡೆ, ಚರ್ಮದ ಸತ್ತ ಪದರವೂ ಹಾಗೆಯೇ. ಹೊರಗಿದ್ದರೆ ಅದಕ್ಕೆ ಪ್ಲಾಸ್ಟಿಕ್ಕೂ ಬೇಡ, ಸೀಸವೂ ಬೇಡ. ಕುಡಿದ ನೀರಿನ ಮೂಲಕ ಒಳಗೆ ಸೇರಿದರೆ ಎರಡೂ ಉಪಯೋಗಕ್ಕೆ ಬಾರವು, ಏಕೆಂದರೆ ಮೂಲ ಜೀವಕೋಶದ ಪಕ್ಕದಲ್ಲೇ ಇರುತ್ತದೆ. ಆಗ ಮಾಡುವುದು ಹೆಚ್ಚು ನೀರು ಕುಡಿಸಿ ಮೂತ್ರದ ಮೂಲಕ ಬೇಗ ಹೊರಹೋಗುವಂತೆ ನೋಡುವುದು. ಸಾಧಾರಣ ಗೈಗರ್ ನಳಿಕೆಯ ಕಿಟಕಿಯನ್ನೂ ಈ ಬೀಟಾ ದಾಟಲಾರದು. ಆದ್ದರಿಂದಲೇ ಅದನ್ನು ಪತ್ತೆ ಹಚ್ಚಲು ಮೂತ್ರ ಪರೀಕ್ಷೆ ಬೇಕಾಗುತ್ತದೆ, ಮೀಟರ್ ಸುಮ್ಮನಿರುತ್ತದೆ.

ಪಾಠ ಯೋಜನೆಗೆ

ಮುಂದಿನ ವರ್ಷ ಈ ಪಾಠ ತೆಗೆದುಕೊಳ್ಳುವವರು ಮೂರು ಬಾಣಗಳ ಚಾರ್ಟನ್ನು ಬಿಡಬೇಕಿಲ್ಲ. ಅದರ ಬೀಟಾ ಸಾಲಿನಲ್ಲಿ ಬಾಣ ನಿಂತ ಜಾಗದಿಂದ ಒಂದು ತೆಳು ಅಲೆಗೆರೆ ಹೊರಡಿಸಿ ಅದಕ್ಕೆ ಕ್ಷ-ಕಿರಣ ಎಂದು ಬರೆಯಿರಿ. ಅಲ್ಯುಮಿನಿಯಮಿನ ಬದಲು ಪ್ಲಾಸ್ಟಿಕ್ ಇಟ್ಟಾಗ ಗೆರೆ ತೆಳು, ಸೀಸ ಇಟ್ಟಾಗ ದಪ್ಪ. ಸಾಮಗ್ರಿಯಾಗಿ 113 ಹಾಳೆ ಎಣಿಸಿದ ಕಾಗದದ ಕಟ್ಟನ್ನು ಒಯ್ಯಿರಿ. ಮೌಲ್ಯಮಾಪನಕ್ಕೆ ರಾಮದುರ್ಗದಲ್ಲಿ ಬಳಸಿದ ಪ್ರಶ್ನೆ ಹೀಗಿತ್ತು: ಸ್ಟ್ರಾನ್ಷಿಯಂ-90ರ ಮರಿ ಯಿಟ್ರಿಯಂ-90 ಗರಿಷ್ಠ 2.28 ಎಂಇವಿಯ ಬೀಟಾ ಸೂಸುತ್ತದೆ, ಅದರ ವ್ಯಾಪ್ತಿ ಚದರ ಸೆಂಟಿಮೀಟರಿಗೆ ಸುಮಾರು 1100 ಮಿಲಿಗ್ರಾಂ; ಒಂದು ಸೆಂಟಿಮೀಟರ್ ಆಕ್ರಿಲಿಕ್ ಸಾಕೇ, ಸೀಸ ಬೇಕಾದರೆ ಯಾವ ಕಡೆ, ಏಕೆ? ಆಕ್ರಿಲಿಕ್ಕಿನ ಸಾಂದ್ರತೆ 1.18 ಎಂದು ಕೊಟ್ಟರೆ 9.3 ಮಿ.ಮೀ. ಬರುತ್ತದೆ, ಅಂದರೆ ಸಾಕು, ಆದರೆ ಅಂಚು ಕಡಿಮೆ. ಸೀಸ ಹೊರಗಡೆ ಎಂದಷ್ಟೇ ಬರೆದವರಿಗೆ ಅರ್ಧ ಅಂಕ ಕೊಡಿ. ಸೀಸದ ಮೇಲೆ ಬೀಳುವ ಹೊತ್ತಿಗೆ ಅಲ್ಲಿ ಬೀಟಾ ಇರಬಾರದು, ಕ್ಷ-ಕಿರಣ ಮಾತ್ರ ಇರಬೇಕು ಎಂದು ಕಾರಣ ಬರೆದವರಿಗೆ ಪೂರ್ಣ ಅಂಕ.